ಬೈತಲೆಯ ಬಿಳಿ ಬುಡ: ಮೊದಲು ಬೆಳಕು ಇಳಿಸಿ, ಆಮೇಲೆ ಬಣ್ಣ

ಪ್ರಶ್ನೆ: ಅಕ್ಕನ ಮದುವೆ ಆಲ್ಬಮ್‌ಗೆ ಅಮ್ಮನ ಒಂದು ಒಳ್ಳೆ ಫೋಟೊ ಇದೆ. ಡೈ ಹಚ್ಚಿ ತಿಂಗಳಾಗಿತ್ತು, ಬೈತಲೆಯ ಎರಡೂ ಕಡೆ ಬಿಳಿ ಬುಡ ಕಾಣುತ್ತಿದೆ. ಫೋಟೊಶಾಪ್‌ನಲ್ಲಿ ಕಪ್ಪು ಬ್ರಷ್ ಎಳೆದರೆ ಟೋಪಿ ಹಾಕಿದ ಹಾಗಾಯಿತು. Color ಮೋಡ್‌ನಲ್ಲಿ ಎಳೆದರೆ ಬಿಳಿ ಹಾಗೇ ಉಳಿಯಿತು. ಅಮ್ಮನ ಕೂದಲಿನ ಬಣ್ಣ ಕೆಡದ ಹಾಗೆ ಏನು ಮಾಡಲಿ? ಫೋಟೊ ಜೊತೆಗಿಟ್ಟಿದ್ದೇನೆ.
— ಓದುಗರೊಬ್ಬರು, ಹಾಸನ

ಉತ್ತರ: Color ಮೋಡ್ ಬೆಳಕನ್ನು ಮುಟ್ಟುವುದೇ ಇಲ್ಲ. ಕೂದಲು ಎಷ್ಟು ಬೆಳ್ಳಗಿದೆಯೋ ಅಷ್ಟೇ ಬೆಳ್ಳಗೆ ಬಿಟ್ಟು, ಮೇಲೆ ಬಣ್ಣದ ಛಾಯೆ ಮಾತ್ರ ಕೊಡುತ್ತದೆ. ಕಪ್ಪಿನಲ್ಲಿ ಕೊಡಲು ಛಾಯೆಯೇ ಇಲ್ಲವಲ್ಲ! ಮಾಮೂಲಿ ಬ್ರಷ್ ಇನ್ನೊಂದು ತಪ್ಪು ಮಾಡಿತು, ಎಳೆ ಎಳೆಯಾಗಿದ್ದ ಕೂದಲನ್ನೆಲ್ಲ ಒಂದೇ ಬಣ್ಣದಲ್ಲಿ ಮುಚ್ಚಿತು. ಅದಕ್ಕೇ ಬೆಳಕನ್ನು ಒಂದು ಲೇಯರ್‌ನಲ್ಲಿ ಇಳಿಸಿ, ಬಣ್ಣವನ್ನು ಇನ್ನೊಂದರಲ್ಲಿ ಕೊಡಬೇಕು.

ನಿಮ್ಮ ಫೋಟೊ ತೆರೆದು ಅಳೆದೆ. 0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ ಅಂದರೆ, ಬುಡದ ಬಿಳಿ ಕೂದಲು ಸುಮಾರು 190 ಇದೆ. ಪಕ್ಕದ ಕಪ್ಪು ಕೂದಲು 35ರಿಂದ 60. ಈಗ ಒಂದು Curves ಲೇಯರ್ ಹಾಕಿ, ಬಲ ಮೇಲ್ತುದಿಯ ಚುಕ್ಕಿಯನ್ನು 255ರಿಂದ 100ರ ಹತ್ತಿರ ಇಳಿಸಿ. 190 ಇದ್ದದ್ದು 75ರ ಆಸುಪಾಸಿಗೆ ಬರುತ್ತದೆ. ಇಡೀ ಫೋಟೊ ಕತ್ತಲಾಗುತ್ತದೆ, ಗಾಬರಿ ಬೇಡ. ಮಾಸ್ಕ್ ಆಯ್ದು Ctrl+I ಒತ್ತಿದರೆ ಮೊದಲಿನಂತಾಗುತ್ತದೆ. ಆಮೇಲೆ ಮೆತ್ತನೆಯ ಬಿಳಿ ಬ್ರಷ್, Flow 10% ಇಟ್ಟು, ಮಾಸ್ಕ್ ಮೇಲೆ ಬುಡದಿಂದ ತುದಿಯ ಕಡೆಗೆ, ಕೂದಲು ಬಾಚಿದ ದಿಕ್ಕಿನಲ್ಲೇ ಎಳೆಯಿರಿ.

ಆದರೆ ಬ್ರಷ್ ಕಪ್ಪು ಕೂದಲಿನ ಮೇಲೂ ಹಾಯುತ್ತದೆ, ಅದನ್ನು ಇನ್ನೂ ಕಪ್ಪು ಮಾಡುತ್ತದೆ. ಟೋಪಿ ಕಾಣುವುದು ಅಲ್ಲೇ. ತಡೆಯೋಕೆ Curves ಲೇಯರ್‌ನ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ, Blend If ಕೆಳಗಿರುವ Underlying Layer ಪಟ್ಟಿಯ ಕಪ್ಪು ಗುಂಡಿಯನ್ನು 60ಕ್ಕೆ ತನ್ನಿ. Alt ಹಿಡಿದು ಅದನ್ನೇ ಸೀಳಿ, ಅರ್ಧವನ್ನು 110ಕ್ಕೆ ಎಳೆಯಿರಿ. ಈಗ 60ಕ್ಕಿಂತ ಕಪ್ಪಗಿರುವ ಎಳೆಗಳು ತಮ್ಮ ಪಾಡಿಗೆ ಇರುತ್ತವೆ, ಬೆಳ್ಳಗಿರುವವು ಮಾತ್ರ ಇಳಿಯುತ್ತವೆ. ಒಂದು ಎಚ್ಚರಿಕೆ: ಅಮ್ಮ ಮುಡಿದ ಮಲ್ಲಿಗೆಯೂ ಬೆಳ್ಳಗೇ ಇದೆ, ಬೈತಲೆಯ ಚರ್ಮವೂ ತಿಳಿಯಾಗಿದೆ. Blend If ಇವನ್ನು ಕಾಯುವುದಿಲ್ಲ. ಅಲ್ಲಿ ನಿಮ್ಮ ಕೈಯೇ ನಿಲ್ಲಬೇಕು. ಬೈತಲೆಯ ಗೆರೆ ಕಪ್ಪಾದರೆ ವಿಗ್ ಇಟ್ಟ ಹಾಗೆ ಕಾಣುತ್ತದೆ, ಕುಂಕುಮವೂ ಮಂಕಾಗುತ್ತದೆ.

ಬೆಳಕು ಇಳಿದ ಮೇಲೆ ಬುಡ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಕೂದಲಿನಲ್ಲಿ ಕಂದು ಇಲ್ಲ, ಅದಕ್ಕೆ. Color ಮೋಡ್‌ಗೆ ಈಗ ಕೆಲಸ. ಐಡ್ರಾಪರ್‌ನ Sample Size ಅನ್ನು 5 by 5 Average ಮಾಡಿ, ಬುಡದಿಂದ ಒಂದೆರಡು ಬೆರಳು ಕೆಳಗೆ, ಹೊಳಪೂ ಇಲ್ಲದ ನೆರಳೂ ಇಲ್ಲದ ಕಡೆ ಬಣ್ಣ ಎತ್ತಿಕೊಳ್ಳಿ. ನಿಮ್ಮ ಅಮ್ಮನ ಕೂದಲು ಕಡುಗಪ್ಪಲ್ಲ, ಕಂದು ಬೆರೆತ ಕಪ್ಪು. ಹೊಸ ಲೇಯರ್ ಅನ್ನು Color ಮೋಡ್‌ಗೆ ಹಾಕಿ, ಬುಡದ ಮೇಲೆ ಹಚ್ಚಿ, Opacity 40%ರಿಂದ ಶುರು ಮಾಡಿ ಹೊಂದುವ ತನಕ ಏರಿಸಿ. ಎಡಗಡೆ ಎತ್ತಿದ ಬಣ್ಣವನ್ನು ಬಲಗಡೆಗೆ ಬಳಸಬೇಡಿ. ಎಡಕ್ಕೆ ಕಿಟಕಿಯ ಬೆಳಕಿದೆ, ಬಲಕ್ಕೆ ಹಳದಿ ಬಲ್ಬು.

ಅಲ್ಲೊಂದು ಇಲ್ಲೊಂದು ಉಳಿದ ಬಿಳಿ ಎಳೆಗೆ ಕ್ಲೋನ್ ಸ್ಟ್ಯಾಂಪ್ ಸಾಕು. ಎಲ್ಲಕ್ಕಿಂತ ಮೇಲೆ ಖಾಲಿ ಲೇಯರ್ ಇಟ್ಟು, Mode: Darken, Sample: Current & Below ಮಾಡಿ. ಬ್ರಷ್ ಎಳೆಗಿಂತ ಸ್ವಲ್ಪ ದಪ್ಪ ಇರಲಿ. ಪಕ್ಕದ ಕಪ್ಪು ಎಳೆಯಿಂದ Alt ಕ್ಲಿಕ್ ಮಾಡಿ ಅದೇ ಓಟದಲ್ಲಿ ಎಳೆಯಿರಿ. ಹಣೆಯ ಮೇಲೆ ಬಿದ್ದ ಬಿಳಿ ಎಳೆಗೆ ಪಕ್ಕದ ಚರ್ಮದಿಂದ ಎತ್ತಿದರೂ ಇದು ನಡೆಯುತ್ತದೆ. ಹಿಂದೆ ಬಿಳಿ ಗೋಡೆ ಇದ್ದರೆ ಮಾತ್ರ ಇಲ್ಲ.

ಹೊಳಪನ್ನು ಬಿಳಿ ಕೂದಲು ಅಂದುಕೊಂಡು ಅಳಿಸಿಬಿಡೋದೇ ಜಾಸ್ತಿ. ಹೊಳಪು ಹತ್ತಾರು ಎಳೆಗಳ ಮೇಲೆ ಅಡ್ಡಕ್ಕೆ ಪಟ್ಟಿಯಾಗಿ ಹಾಯುತ್ತದೆ. ಬಿಳಿ ಕೂದಲು ಉದ್ದಕ್ಕೆ ಓಡುತ್ತದೆ. ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಆ ಪಟ್ಟಿ ಹೋದರೆ ಕೂದಲಿನ ಜೀವವೇ ಹೋಯಿತು.

ಕಿವಿಯ ಮುಂದಿನ ನಾಲ್ಕೈದು ಬಿಳಿ ಎಳೆಗಳನ್ನು ನಾನಾಗಿದ್ದರೆ ಬಿಡುತ್ತಿದ್ದೆ. ಆದರೂ ಅಮ್ಮನನ್ನೇ ಒಂದು ಮಾತು ಕೇಳಿ. ಕೊನೆಗೆ ಝೂಮ್ ಅನ್ನು 25%ಗೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಕಣ್ಣು ಮುಖಕ್ಕಿಂತ ಮೊದಲು ಬೈತಲೆಗೆ ಹೋಯಿತಾ? ಹಾಗಾದರೆ Curves ಲೇಯರ್‌ನ Opacity ಇಳಿಸಿ, 70%ಕ್ಕೆ ತಂದು ಮತ್ತೆ ನೋಡಿ.