ಶಸ್ತ್ರಚಿಕಿತ್ಸೆಗೆ ಮುನ್ನ ಅಯೋಡಿನ್ ಹನಿ ಏಕೆ?

«ತಾಯಿಗೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ತಯಾರಿಸುವ ಗ್ರೇವ್ಸ್ ಕಾಯಿಲೆ. ಆಪರೇಷನ್‌ಗೆ ಹತ್ತು ದಿನ ಮೊದಲಿನಿಂದ ಲುಗೋಲ್ ಅಯೋಡಿನ್ ಹನಿ ಬರೆದುಕೊಟ್ಟಿದ್ದಾರೆ. ಅಯೋಡಿನ್‌ನಿಂದಲೇ ಹಾರ್ಮೋನ್ ತಯಾರಾಗುವಾಗ ಕಾಯಿಲೆ ಹೆಚ್ಚುವುದಿಲ್ಲವೇ?»

ವೈದ್ಯರು ಇದನ್ನು ಕೊಟ್ಟಿರುವುದು ಹಾರ್ಮೋನ್ ಬಿಡುಗಡೆಯನ್ನು ತಡೆಯುವುದಕ್ಕೇ ಇರಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಲುಗೋಲ್ ದ್ರಾವಣದ ಒಂದೇ ಹನಿಯಲ್ಲಿ ಸುಮಾರು 6 ಮಿಲಿಗ್ರಾಂ, ಅಂದರೆ ಅದರ ನಲವತ್ತು ಪಟ್ಟು ಇರುತ್ತದೆ. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಥೈರೊಗ್ಲೋಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಸಿ ದಾಸ್ತಾನು ಇಡುತ್ತದೆ. ಅಯೋಡಿನ್ ಇಷ್ಟೊಂದು ಒಮ್ಮೆಲೇ ಬಂದಾಗ ಆ ಪ್ರೋಟೀನನ್ನು ಒಡೆದು ಹಾರ್ಮೋನನ್ನು ರಕ್ತಕ್ಕೆ ಬಿಡುವ ಕೆಲಸ ನಿಧಾನವಾಗುತ್ತದೆ, ಹೊಸ ತಯಾರಿಕೆಯೂ ತಗ್ಗುತ್ತದೆ. ಇದರ ಪೂರ್ಣ ಕಾರ್ಯವಿಧಾನ ವಿಜ್ಞಾನಕ್ಕೆ ಇನ್ನೂ ಸ್ಪಷ್ಟವಾಗಿಲ್ಲ. ಗ್ರಂಥಿಗೆ ರಕ್ತದ ಹರಿವು ಕಡಿಮೆಯಾಗುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವೂ ಕಡಿಮೆಯಾಗುತ್ತದೆ.

ನಿಮ್ಮ ಆತಂಕಕ್ಕೆ ಆಧಾರವಿಲ್ಲದಿಲ್ಲ. ಈ ತಡೆ ಹೆಚ್ಚುಕಡಿಮೆ ಹತ್ತು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು, ಉಳಿಯುತ್ತದೆ. ಆಮೇಲೆ ಗ್ರಂಥಿ ಆ ತಡೆಯಿಂದ ತಪ್ಪಿಸಿಕೊಂಡು, ಸಿಕ್ಕ ಅಯೋಡಿನ್‌ನಿಂದಲೇ ಹೆಚ್ಚು ಹಾರ್ಮೋನ್ ತಯಾರಿಸಬಹುದು. ಹಾಗಾಗಿ ಮೊದಲು, ಹಾರ್ಮೋನ್ ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಮಾತ್ರೆ ನಡೆಯುತ್ತಿದೆಯೇ, ಅದನ್ನು ಮುಂದುವರಿಸಬೇಕೇ ಎಂದು ವೈದ್ಯರಲ್ಲಿ ಖಚಿತಪಡಿಸಿಕೊಳ್ಳಿ. ನಂತರ ಬರೆದುಕೊಟ್ಟಷ್ಟೇ ಹನಿಗಳನ್ನು ನೀರಿನಲ್ಲಿ ಬೆರೆಸಿ ಊಟವಾದ ಮೇಲೆ ಕೊಡಿ. ಶಸ್ತ್ರಚಿಕಿತ್ಸೆ ಮುಂದೂಡಿದರೆ ಅಂದೇ ಕರೆ ಮಾಡಿ ಕೇಳಿ. ನೀವಾಗಿಯೇ ಹನಿ ಮುಂದುವರಿಸಬೇಡಿ. ಹಾರ್ಮೋನಿನ ಪರಿಣಾಮ ವಿಪರೀತವಾಗಿ ಜೀವಕ್ಕೇ ಅಪಾಯವಾಗುವ ತೀವ್ರ ಥೈರಾಯ್ಡ್ ಬಿಕ್ಕಟ್ಟಿನಲ್ಲಿಯೂ ಇದೇ ಅಯೋಡಿನ್ ಬಳಸುತ್ತಾರೆ, ಆದರೆ ತಯಾರಿಕೆ ತಡೆಯುವ ಔಷಧ ಕೊಟ್ಟು ಕನಿಷ್ಠ ಒಂದು ಗಂಟೆಯ ಬಳಿಕ. ತಾಯಿಗೆ ಈ ಬಿಕ್ಕಟ್ಟಿನ ಲಕ್ಷಣಗಳಾದ ಜ್ವರ, ಅತಿವೇಗದ ಎದೆಬಡಿತ ಇಲ್ಲವೇ ಗೊಂದಲ ಕಂಡರೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.