ಫಿಲ್ಟರ್ ಕಾಫಿಗೆ ನೀರಿನ ಬಿಸಿ

ಕುದಿಯೋ ನೀರು ಹಾಕಿದ್ರೆ ಡಾರ್ಕ್ ರೋಸ್ಟ್ ಡಿಕಾಕ್ಷನ್ ಸುಟ್ಟ ಹಾಗೆ ಕಹಿ ಆಗುತ್ತೆ, ಯಾಕೆ? ಥರ್ಮಾಮೀಟರ್ ಇಲ್ಲದೆ ಸರಿಯಾದ ಬಿಸಿ ಹೇಗೆ ತಿಳಿಯೋದು?

ಪುಡಿ ನಿಜಕ್ಕೂ ಸುಡುವುದಿಲ್ಲ. ಹುರಿಯುವಾಗಲೇ ಬೀಜ 200 ಡಿಗ್ರಿ ದಾಟಿರುತ್ತದೆ, ಕುದಿನೀರು ಅದನ್ನೇನು ಸುಟ್ಟೀತು? ಕಪ್ಪಗೆ ಹುರಿದ ಬೀಜದ ಒಳಗೆಲ್ಲ ಸಣ್ಣ ರಂಧ್ರಗಳು, ಹಾಗಾಗಿ ಸಾರ ಬೇಗ ಬಿಡುತ್ತದೆ. ನೀರು ತೀರಾ ಬಿಸಿಯಿದ್ದರೆ ಹುರಿತದ ಕಹಿಯೂ ಜೊತೆಗೇ ಇಳಿಯುತ್ತದೆ. ಇಂಥ ಪುಡಿಗೆ 88ರಿಂದ 92 ಡಿಗ್ರಿ ಸಾಕು. ನಸುವಾಗಿ ಹುರಿದದ್ದಕ್ಕೆ ಮಾತ್ರ ಕುದಿ ನಿಂತ ಕೂಡಲೇ ಸುರಿಯಿರಿ. ತಣಿದ ನೀರಲ್ಲಿ ಅದು ಹುಳಿಹುಳಿ, ತೆಳು.

ಅರ್ಧ ಲೀಟರ್ ನೀರು ಕೊತಕೊತ ಕುದಿಸಿ, ಒಲೆ ಆರಿಸಿ, ಮುಚ್ಚಳ ತೆಗೆದು ಸುಮಾರು ಎರಡು ನಿಮಿಷ ಬಿಡಿ. ಗುಳ್ಳೆ ಪೂರ್ತಿ ನಿಂತು, ಆವಿ ಇನ್ನೂ ದಟ್ಟವಾಗಿ ಏಳುತ್ತಿರಬೇಕು. ಅವಸರವಿದ್ದರೆ ತಣ್ಣನೆಯ ಸ್ಟೀಲ್ ಪಾತ್ರೆಗೆ ಒಮ್ಮೆ ಬಗ್ಗಿಸಿ, ಅಷ್ಟೇ ಬಿಸಿ ಇಳಿಯುತ್ತದೆ. ಒಂದೇ ಲೋಟ ನೀರಾದರೆ ಇನ್ನೂ ಬೇಗ ಆರುತ್ತದೆ, ಒಂದು ನಿಮಿಷಕ್ಕೇ ಹಾಕಿ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಲ್ಲಿ ಹೆಚ್ಚುಕಡಿಮೆ 100ಕ್ಕೆ. ಕರಾವಳಿಯವರು ಒಂದು ನಿಮಿಷ ಹೆಚ್ಚು ಕಾಯಿರಿ.

ಇಷ್ಟಾದರೂ ಕಹಿಯೇ ಇದ್ದರೆ ಪುಡಿ ತೀರಾ ನುಣ್ಣಗಿದೆಯೇ, ಚಿಕೋರಿ ಹೆಚ್ಚಾಗಿದೆಯೇ ನೋಡಿ.