ಬ್ಯಾಲೆನ್ಸ್ ಇದ್ದ ಕಡೆಯೆಲ್ಲ ‘ಬಾಕಿ’ ಹಾಕಬೇಡಿ

ಪ್ರಶ್ನೆ: ಒಂದು ಸಂಘದ ಬಜೆಟ್ ಕನ್ನಡಕ್ಕೆ ಮಾಡ್ತಿದ್ದೀನಿ. ರಿಸೀಟ್ಸ್, ಎಕ್ಸ್‌ಪೆಂಡಿಚರ್, ಬ್ಯಾಲೆನ್ಸ್ ಮೂರಕ್ಕೂ ಒಂದೊಂದು ಪದ ಹೇಳಿ. ಕೊನೆವರೆಗೂ ಅದನ್ನೇ ಹಾಕ್ತೀನಿ.

ದಯವಿಟ್ಟು ಹಾಗೆ ಮಾಡಬೇಡಿ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನಮ್ಮ ಅಪಾರ್ಟ್‌ಮೆಂಟ್ ಸಂಘದ ವರ್ಷದ ಲೆಕ್ಕ ಮತ್ತು ಮುಂದಿನ ವರ್ಷದ ಬಜೆಟ್ ಎರಡನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ಮೂರು ಪದ ಆರಿಸಿಕೊಂಡೆ: ಆದಾಯ, ವೆಚ್ಚ, ಬಾಕಿ. ಕೈಯಲ್ಲಿ ಉಳಿದ ದುಡ್ಡಿಗೆ ‘ಶಿಲ್ಕು’ ಅನ್ನುವುದು ಗೊತ್ತಿತ್ತು, ಆದರೆ ಹಳೇ ಕಾಲದ ಪದ ಅನ್ನಿಸಿ ಬಿಟ್ಟೆ. ಆಮೇಲೆ ಫೈಲಿನಲ್ಲಿ ಹುಡುಕಿ, ಎಲ್ಲ ಕಡೆ ಒಂದೇ ಸಲಕ್ಕೆ ಬದಲಿಸಿಬಿಟ್ಟೆ.

ಲೆಕ್ಕ ಹೀಗಿತ್ತು. ವರ್ಷದ ಮೊದಲಿಗೆ ಕೈಯಲ್ಲಿದ್ದದ್ದು 2,10,000. ನಿರ್ವಹಣಾ ಶುಲ್ಕದಿಂದ ಬಂದದ್ದು 18,00,000. ಬೋರ್‌ವೆಲ್‌ಗೆ ತೆಗೆದ ಸಾಲ 5,00,000. ಸದಸ್ಯರ ಠೇವಣಿ 1,00,000. ಹೋದದ್ದು ದಿನನಿತ್ಯದ ಖರ್ಚಿಗೆ 17,50,000, ಬೋರ್‌ವೆಲ್‌ಗೆ 5,20,000. ಕೊನೆಗೆ ಉಳಿದದ್ದು 3,40,000. ಇದಲ್ಲದೆ ಕೆಲವು ಮನೆಯವರು ಕಟ್ಟದೇ ಇದ್ದ ಶುಲ್ಕ 1,20,000, ಅದು ಕೆಳಗೆ ಬೇರೆ ಸಾಲಿನಲ್ಲಿತ್ತು.

ನನ್ನ ಕನ್ನಡದಲ್ಲಿ ಇದು ಏನಾಯಿತು ನೋಡಿ. ವರ್ಷದ ಆದಾಯ 24 ಲಕ್ಷ. ಕೊನೆಯ ಬಾಕಿ 3,40,000. ಅದರ ಕೆಳಗೆ ಸದಸ್ಯರ ಬಾಕಿ 1,20,000. ಮಹಾಸಭೆಯಲ್ಲಿ ಒಬ್ಬರು ಎದ್ದು, “ಮೂರು ಲಕ್ಷದ ನಲವತ್ತು ಸಾವಿರ ಯಾರಿಗೆ ಕೊಡಬೇಕು ಸ್ವಾಮಿ?” ಎಂದರು. ಬ್ಯಾಂಕಿನಲ್ಲಿದ್ದ ದುಡ್ಡನ್ನು ಅವರು ಸಾಲ ಅಂದುಕೊಂಡಿದ್ದರು. ತಪ್ಪು ಅವರದ್ದಲ್ಲ. ಬಾಕಿ ಅಂದರೆ ಕೊಡಬೇಕಾದ್ದು ಅಥವಾ ಬರಬೇಕಾದ್ದು ಅಂತಲೇ ಜನ ಓದುವುದು.

ಅದನ್ನು ಹೇಗೋ ವಿವರಿಸಿದೆವು. ನಿಜವಾದ ಪೆಟ್ಟು ಬಿದ್ದದ್ದು ‘ಆದಾಯ’ದಿಂದ. ಬಜೆಟ್‌ನಲ್ಲಿ ಶುಲ್ಕ ಏರಿಸುವ ಪ್ರಸ್ತಾವ ಇತ್ತು. 18 ಲಕ್ಷ ಬಂದು ಹದಿನೇಳೂವರೆ ಲಕ್ಷ ಹೋದರೆ ಉಳಿಯುವುದು ಬರೀ 50,000, ಅದರಲ್ಲಿ ಸಾಲದ ಕಂತು ಎಲ್ಲಿಂದ ಕಟ್ಟುವುದು? ಆದರೆ ಹಾಳೆಯಲ್ಲಿ ಆದಾಯ 24 ಲಕ್ಷ ಅಂತಿತ್ತಲ್ಲ! “ಇಷ್ಟು ಆದಾಯ ಇಟ್ಕೊಂಡು ಇನ್ನೂ ಜಾಸ್ತಿ ಕೇಳ್ತೀರಾ?” ಎಂದು ಪ್ರಸ್ತಾವ ಬಿದ್ದುಹೋಯಿತು. ಸಾಲವೂ ಠೇವಣಿಯೂ ಸಂಘಕ್ಕೆ ಬಂದ ಹಣ ಹೌದು, ಸಂಘದ ಆದಾಯ ಅಲ್ಲ. ಎರಡನ್ನೂ ಮುಂದೆ ವಾಪಸ್ ಕೊಡಬೇಕು. ರಾಜ್ಯದ ಬಜೆಟ್‌ನಲ್ಲೂ ತೆರಿಗೆ ರಾಜಸ್ವದ ಕಡೆ, ಸಾಲ ಬಂಡವಾಳದ ಕಡೆ ಬರುವುದು ಇದಕ್ಕೇ.

ಸಭೆ ಮುಗಿದ ಮೇಲೆ, ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯವರು ಹಾಳೆ ತಿರುವಿ ನೋಡಿ, “ಜಮೆ, ಶಿಲ್ಕು ಅಂತ ಬರೆದಿದ್ರೆ ಗಲಾಟೆನೇ ಇರ್ತಿರಲಿಲ್ಲ ಕಣಪ್ಪಾ” ಎಂದರು. ಸಹಕಾರ ಸಂಘದ ವರದಿ ಓದಿದ ಯಾರಿಗಾದರೂ ಜಮಾ-ಖರ್ಚು, ಶಿಲ್ಕು ಗೊತ್ತು. ಹಳೆಯದು ಅಂತ ಬಿಟ್ಟದ್ದು ನನ್ನ ಸುಮ್ನೆ ಪ್ರತಿಷ್ಠೆ ಅಷ್ಟೆ.

ಹಾಗಾಗಿ ಇಂಗ್ಲಿಷ್ ಪದ ಹಿಡಿದುಕೊಂಡು ಹೋಗಬೇಡಿ, ಸಾಲಿನಲ್ಲಿರುವ ದುಡ್ಡು ಯಾವುದು ಅಂತ ನೋಡಿ. ಕೈಯಲ್ಲೋ ಬ್ಯಾಂಕಿನಲ್ಲೋ ಇರುವ ದುಡ್ಡಾದರೆ ಆರಂಭದ ಶಿಲ್ಕು, ಅಂತಿಮ ಶಿಲ್ಕು. ಯಾರೋ ಕೊಡಬೇಕಾದ್ದು ಬಾಕಿ. ಬಜೆಟ್‌ನಲ್ಲಿ ಮಂಜೂರಾಗಿ ಖರ್ಚಾಗದೆ ಇರುವುದಕ್ಕೆ ಉಳಿಕೆ ಅನ್ನಿ. ‘ಉಳಿತಾಯ’ ಅನ್ನಬೇಡಿ, ಓದುವವರ ಮನಸ್ಸು ಉಳಿತಾಯ ಖಾತೆಗೆ ಹೋಗುತ್ತದೆ. ಬಂದ ಹಣಕ್ಕೆಲ್ಲ ಜಮೆ ಅಥವಾ ಸ್ವೀಕೃತಿ, ಎರಡರಲ್ಲಿ ಒಂದು. ವಾಪಸ್ ಕೊಡಬೇಕಿಲ್ಲದ ಗಳಿಕೆಗೆ ಮಾತ್ರ ಆದಾಯ. ಹೋದ ಕಡೆಯೂ ಹೀಗೇ: ಹೋದ ಹಣವೆಲ್ಲ ಪಾವತಿ, ಆದರೆ ಅದರಲ್ಲಿ ಸಾಲದ ಅಸಲು ತೀರಿಸಿದ್ದು, ಠೇವಣಿ ಹಿಂತಿರುಗಿಸಿದ್ದು ವೆಚ್ಚ ಅಲ್ಲ. ಬಡ್ಡಿ ವೆಚ್ಚ.

ಮುಗಿಸಿದ ಮೇಲೆ ಇಂಗ್ಲಿಷ್ ಹಾಳೆ ಮುಚ್ಚಿಟ್ಟು ಕನ್ನಡದ್ದನ್ನೇ ಕೂಡಿ ನೋಡಿ. ಆರಂಭದ ಶಿಲ್ಕಿಗೆ ಜಮೆ ಕೂಡಿಸಿ, ಪಾವತಿ ಕಳೆದರೆ ಅಂತಿಮ ಶಿಲ್ಕು ಬರಬೇಕು. ನಮ್ಮದರಲ್ಲಿ 2,10,000ಕ್ಕೆ 24,00,000 ಸೇರಿ 26,10,000, ಅದರಲ್ಲಿ 22,70,000 ಕಳೆದರೆ 3,40,000. ಪಾಸ್‌ಬುಕ್ಕಿನ ಮೊತ್ತಕ್ಕೆ ಕೈಯಲ್ಲಿರುವ ನಗದು ಸೇರಿಸಿದರೂ ಸಾಮಾನ್ಯವಾಗಿ ಅಷ್ಟೇ ಬರಬೇಕು. ಕೊಟ್ಟ ಚೆಕ್ ಇನ್ನೂ ಪಾಸಾಗದೇ ಇರುವಂಥ ಕಾರಣಕ್ಕೆ ವ್ಯತ್ಯಾಸ ಕಾಣಬಹುದು. ಸದಸ್ಯರ ಬಾಕಿ ಈ ಕೂಡಿ-ಕಳೆಯುವುದರಲ್ಲಿ ಎಲ್ಲೂ ಬರುವುದಿಲ್ಲ. ಬಂದಿದ್ದರೆ ಯಾವುದೋ ಸಾಲಿಗೆ ತಪ್ಪು ಹೆಸರು ಬಿದ್ದಿದೆ ಅಂತಲೇ ಅರ್ಥ.

ಖರ್ಚು ಅನ್ನಬೇಕಾ ವೆಚ್ಚ ಅನ್ನಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಂಘದ ಹಳೆಯ ಕನ್ನಡ ವರದಿ ಇದ್ದರೆ ಅದರಲ್ಲಿರುವುದನ್ನೇ ಹಾಕಿ.